ಮಾರ್ಚ್ ತಿಂಗಳ ಕರಪತ್ರ ಓದುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ತೆರಿಗೆ ಉಳಿತಾಯದ ಸೀಸನ್ ಶುರುವಾಗುವುದು ಮಾರ್ಚ್‌ನಲ್ಲಿ ಅಲ್ಲ. ಕಚೇರಿಯ ಸಂಬಳದ ಕ್ಲಾರ್ಕು ಜನವರಿಯಲ್ಲಿ ‘ಸೇವಿಂಗ್ಸ್ ಪ್ರೂಫ್ ಕೊಡ್ರಿ’ ಅಂದ ದಿನವೇ ಅದು ಶುರು. ನೈಋತ್ಯ ರೈಲ್ವೆ, ಸಾರಿಗೆ ಸಂಸ್ಥೆ ಮತ್ತು ಹೆಸ್ಕಾಂನ ಕೇಂದ್ರ ಕಚೇರಿಗಳು ಹುಬ್ಬಳ್ಳಿಯಲ್ಲಿವೆ. ಧಾರವಾಡದಲ್ಲಿ ವಿಶ್ವವಿದ್ಯಾಲಯಗಳು, ಹೈಕೋರ್ಟ್ ಪೀಠ, ಲೆಕ್ಕವಿಲ್ಲದಷ್ಟು ಶಾಲೆ-ಕಾಲೇಜುಗಳಿವೆ. ತಿಂಗಳ ಸಂಬಳದವರು ಇಷ್ಟು ಒತ್ತಾಗಿರುವ ಊರನ್ನು ವಿಮೆ ಮತ್ತು ಮ್ಯೂಚುವಲ್ ಫಂಡ್ ಮಾರುವವರು ಬಿಡುವುದುಂಟೇ? ಪೇಪರಿನ ಮಡಿಕೆಯಲ್ಲಿ ಕರಪತ್ರ ಬರುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಬರುತ್ತದೆ, ಬ್ಯಾಂಕಿನ ಕೌಂಟರಿನಲ್ಲಿ ‘ಸರ್, ಒಂದೈದು ನಿಮಿಷ ಕೂಡ್ರಿ’ ಎಂಬ ಕರೆ ಬರುತ್ತದೆ.

ಈ ಕರಪತ್ರಗಳಲ್ಲಿ ಹಸಿ ಸುಳ್ಳು ಇರುವುದು ಅಪರೂಪ. ಬೇರೆ ಬೇರೆ ಅರ್ಥದ ಮೂರು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು, ಓದುವವನು ತಾನಾಗಿಯೇ ತಪ್ಪು ಲೆಕ್ಕಕ್ಕೆ ಬರುವ ಹಾಗೆ ಅವನ್ನು ಬರೆದಿರುತ್ತಾರೆ. ಉಳಿಯುವ ತೆರಿಗೆ ಒಂದು ಅಂಕಿ, ಕೊನೆಗೆ ಕೈಗೆ ಬರುವ ಮೊತ್ತ ಇನ್ನೊಂದು, ವರ್ಷಕ್ಕೆ ಬೀಳುವ ಬಡ್ಡಿ ಮೂರನೆಯದು. ಈ ಮೂರನ್ನು ಬಿಡಿಸಿ ನೋಡಲು ಬಂದರೆ ಕರಪತ್ರ ಓದಲು ಬಂದಂತೆ.

ಉದಾಹರಣೆಗೆ ಒಂದು ಕರಪತ್ರ ಇಟ್ಟುಕೊಳ್ಳೋಣ. ಇದು ಯಾವ ಕಂಪನಿಯದ್ದೂ ಅಲ್ಲ, ಈ ಸೀಸನ್ನಿನಲ್ಲಿ ಕಾಣುವ ಮಾತುಗಳನ್ನು ಕೂಡಿಸಿ ನಾನೇ ಕಟ್ಟಿದ ಮಾದರಿ:

“ತೆರಿಗೆ ಉಳಿಸಿ, ಹಣ ಡಬಲ್ ಮಾಡಿ! ವರ್ಷಕ್ಕೆ ಕೇವಲ ₹1 ಲಕ್ಷ, 10 ವರ್ಷ ಮಾತ್ರ. 20ನೇ ವರ್ಷಕ್ಕೆ ₹20 ಲಕ್ಷ ಗ್ಯಾರಂಟಿ. ₹46,800ವರೆಗೆ ತೆರಿಗೆ ಉಳಿತಾಯ. ಬ್ಯಾಂಕಿಗಿಂತ ಹೆಚ್ಚು ಲಾಭ, ಪೂರ್ತಿ ತೆರಿಗೆಮುಕ್ತ. ಮಾರ್ಚ್ 31 ಕೊನೆಯ ದಿನ!”

46,800 ಎಲ್ಲಿಂದ ಬಂತು?

ಈ ಅಂಕಿಯನ್ನು ನೀವು ಎಷ್ಟೋ ಜಾಹೀರಾತುಗಳಲ್ಲಿ ನೋಡಿರುತ್ತೀರಿ. ಆದಾಯ ತೆರಿಗೆಯ 80ಸಿ ಕಲಮಿನಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ರೂಪಾಯಿಯವರೆಗೆ ಆದಾಯದಿಂದ ಕಳೆಯಬಹುದು. ಶೇ 30ರ ಹಂತದಲ್ಲಿ ತೆರಿಗೆ ಕಟ್ಟುವವರಿಗೆ ಒಂದೂವರೆ ಲಕ್ಷದ ಮೇಲೆ 45,000 ಉಳಿಯುತ್ತದೆ. ಅದರ ಮೇಲಿನ ಶೇ 4ರ ಸೆಸ್ 1,800 ಸೇರಿಸಿದರೆ 46,800. ಲೆಕ್ಕ ಸರಿಯಾಗಿದೆ. ಆದರೆ ನಮ್ಮ ಕರಪತ್ರದ ಪ್ರೀಮಿಯಂ ಒಂದೂವರೆ ಲಕ್ಷವಲ್ಲ, ಒಂದು ಲಕ್ಷ. ಒಂದು ಲಕ್ಷದ ಮೇಲೆ ಉಳಿಯಬಹುದಾದದ್ದು ಹೆಚ್ಚೆಂದರೆ 31,200. ‘ವರೆಗೆ’ ಎಂಬ ಒಂದೇ ಪದ ಬರೆದವನನ್ನು ಕಾಪಾಡುತ್ತಿದೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. 80ಸಿ ರಿಯಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ಎಲ್ಲರಿಗೂ ತಾನಾಗಿ ಅನ್ವಯಿಸುತ್ತದೆ, ಹಳೆಯದು ಬೇಕಾದವರು ಬೇಕೆಂದು ಹೇಳಬೇಕು. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ ಸಿಗುವುದರಿಂದ ಈ ಗಡಿ 12 ಲಕ್ಷ 75 ಸಾವಿರಕ್ಕೆ ಹೋಗುತ್ತದೆ. ವರ್ಷಕ್ಕೆ ಒಂಬತ್ತು ಲಕ್ಷ ಸಂಬಳದ ಹೈಸ್ಕೂಲು ಮಾಸ್ತರರು ಈ ಪಾಲಿಸಿ ತಗೊಂಡರೆ ಎಷ್ಟು ತೆರಿಗೆ ಉಳಿಯಿತು? ಸೊನ್ನೆ. ಕಟ್ಟಬೇಕಾದ ತೆರಿಗೆಯೇ ಇರಲಿಲ್ಲ.

12.75 ಲಕ್ಷ ದಾಟಿದವರಿಗಾದರೂ ಇದು ಲಾಭವೇ? ಒಬ್ಬ ಕಾಲೇಜು ಉಪನ್ಯಾಸಕರನ್ನು ಊಹಿಸಿಕೊಳ್ಳಿ. ವರ್ಷದ ಸಂಬಳ 14 ಲಕ್ಷ, ಬೇರೆ ಆದಾಯವಿಲ್ಲ, ಸಾಲ ಮಾಡಿ ಕಟ್ಟಿಸಿದ ಸ್ವಂತ ಮನೆಯಲ್ಲಿದ್ದಾರೆ. 2025-26ರ ದರದಲ್ಲಿ, ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 13.25 ಲಕ್ಷಕ್ಕೆ ಅವರ ತೆರಿಗೆ 78,750, ಸೆಸ್ ಸೇರಿ 81,900 ರೂಪಾಯಿ. ಇದಕ್ಕಾಗಿ ಅವರು ಏನನ್ನೂ ಕೊಳ್ಳಬೇಕಿಲ್ಲ.

ಈಗ ಹಳೆಯ ಪದ್ಧತಿ. ಅವರಿಗೆ ಸಿಗಬಹುದಾದ ಮುಖ್ಯ ರಿಯಾಯಿತಿಗಳನ್ನೆಲ್ಲ ಕೊಟ್ಟುಬಿಡೋಣ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, 80ಸಿಯ ಪೂರ್ತಿ ಒಂದೂವರೆ ಲಕ್ಷ, ಎನ್‌ಪಿಎಸ್‌ಗೆ ಹೆಚ್ಚುವರಿ 50,000, ಆರೋಗ್ಯ ವಿಮೆಗೆ 25,000, ಮನೆ ಸಾಲದ ಬಡ್ಡಿ 2 ಲಕ್ಷ. ಒಟ್ಟು 4,77,500 ಕಳೆದರೆ ಉಳಿಯುವುದು 9,22,500. ಅದಕ್ಕೆ ತೆರಿಗೆ 97,000, ಸೆಸ್ ಸೇರಿ 1,00,880. ಸಾಧ್ಯವಿದ್ದದ್ದನ್ನೆಲ್ಲ ಮಾಡಿಯೂ ಹೊಸ ಪದ್ಧತಿಗಿಂತ ಹತ್ತೊಂಬತ್ತು ಸಾವಿರ ಹೆಚ್ಚು ಕಟ್ಟಿದಂತಾಯಿತು. ಅಂದರೆ ಇವರಿಗೆ ‘ತೆರಿಗೆ ಉಳಿಸುವ’ ಪಾಲಿಸಿ ತೆರಿಗೆಯನ್ನು ಉಳಿಸುವುದೇ ಇಲ್ಲ.

ಹಳೆಯ ಪದ್ಧತಿ ಲಾಭವಾಗುವವರೂ ಇದ್ದಾರೆ. ದೊಡ್ಡ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಮತ್ತು ಮನೆ ಸಾಲದ ಬಡ್ಡಿ ಎರಡೂ ಸಿಗುವವರು ಲೆಕ್ಕ ಹಾಕಿ ನೋಡಬೇಕು. ಆದರೆ ಅವರೂ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ನನ್ನ ಒಂದೂವರೆ ಲಕ್ಷದಲ್ಲಿ ಖಾಲಿ ಜಾಗ ಎಷ್ಟಿದೆ? ರಾಜ್ಯ ಸರ್ಕಾರಿ ನೌಕರರ ಸಂಬಳದಿಂದ ಕೆಜಿಐಡಿ ಕಂತು ಕಡ್ಡಾಯವಾಗಿ ಹೋಗುತ್ತದೆ, ಜೊತೆಗೆ ಜಿಪಿಎಫ್ ಅಥವಾ ಎನ್‌ಪಿಎಸ್ ವಂತಿಗೆ ಇರುತ್ತದೆ. ಮನೆ ಸಾಲದ ಅಸಲು ಮತ್ತು ಇಬ್ಬರು ಮಕ್ಕಳ ಶಾಲೆಯ ಟ್ಯೂಷನ್ ಫೀ ಕೂಡ ಅದೇ 80ಸಿಯೊಳಗೆ ಬರುತ್ತವೆ. ಇವನ್ನೆಲ್ಲ ಕೂಡಿಸಿದರೆ ಎಷ್ಟೋ ಜನರ ಒಂದೂವರೆ ಲಕ್ಷ ಏಜೆಂಟರು ಬರುವ ಮೊದಲೇ ತುಂಬಿರುತ್ತದೆ. ತುಂಬಿದ ಮೇಲೆ ಹಾಕಿದ ರೂಪಾಯಿಗೆ ಆ ಕಲಮಿನಲ್ಲಿ ಬಿಡಿಗಾಸೂ ಉಳಿಯದು. ಅಂದಹಾಗೆ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ 80ಸಿಯ ಜಾಗಕ್ಕೆ ಬಂದಿರುವುದು 123ನೇ ಕಲಮು. ‘ಹೊಸ ಕಲಮು ಬಂದೈತಿ, ಹೊಸ ರಿಯಾಯಿತಿ ಐತಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ರಿಯಾಯಿತಿಗೇ ಹೊಸ ನಂಬರು ಸಿಕ್ಕಿದೆ, ಅಷ್ಟೆ.

‘ಡಬಲ್ ಆಗ್ತೈತಿ’

ಈಗ ಕರಪತ್ರದ ನಡುಮನೆಗೆ ಬರೋಣ. ಹತ್ತು ಲಕ್ಷ ಕಟ್ಟಿ ಇಪ್ಪತ್ತು ಲಕ್ಷ ಪಡೆಯಿರಿ ಎನ್ನುತ್ತದೆ. ಗ್ಯಾರಂಟಿ ನಿಜವೇ ಇರಬಹುದು, ಡಬಲ್ ಎಂಬುದೂ ನಿಜ. ಬಿಟ್ಟುಹೋದದ್ದು ಕಾಲ. ಐದು ವರ್ಷದಲ್ಲಿ ಡಬಲ್ ಆಗುವುದಕ್ಕೂ ಇಪ್ಪತ್ತು ವರ್ಷದಲ್ಲಿ ಡಬಲ್ ಆಗುವುದಕ್ಕೂ ಅಜಗಜಾಂತರ.

ಕಾಗದ-ಪೆನ್ನಿನಲ್ಲಿ ಇದನ್ನು ಅಳೆಯುವುದು ಹೀಗೆ. ಮೊದಲ ಕಂತಿನ ಹಣ ಅವರ ಹತ್ತಿರ 20 ವರ್ಷ ಇರುತ್ತದೆ, ಹತ್ತನೇ ಕಂತಿನದು 11 ವರ್ಷ. ಸರಾಸರಿ ಹದಿನೈದೂವರೆ ವರ್ಷ. ಎಷ್ಟು ವರ್ಷದಲ್ಲಿ ಡಬಲ್ ಆಗುತ್ತದೋ ಆ ಸಂಖ್ಯೆಯಿಂದ 72ನ್ನು ಭಾಗಿಸಿದರೆ ವರ್ಷದ ಚಕ್ರಬಡ್ಡಿಯ ದರ ಹೆಚ್ಚುಕಡಿಮೆ ಸಿಗುತ್ತದೆ ಎಂಬುದು ಬ್ಯಾಂಕಿನವರ ಹಳೆಯ ಲೆಕ್ಕ. 72ನ್ನು 15.5ರಿಂದ ಭಾಗಿಸಿ: 4.6. ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಎಕ್ಸೆಲ್ ಹಾಳೆಯ A ಕಾಲಮ್ಮಿನಲ್ಲಿ ಮೊದಲ ಹತ್ತು ಸಾಲಿಗೆ -100000, ಮುಂದಿನ ಹತ್ತು ಸಾಲಿಗೆ 0, ಇಪ್ಪತ್ತೊಂದನೇ ಸಾಲಿಗೆ 2000000 ಬರೆದು ಕೆಳಗೆ ಇದನ್ನು ಹಾಕಿ:

```
=IRR(A1:A21)
```

ದಶಮಾಂಶ ಎರಡು ಸ್ಥಾನ ತೋರಿಸುವಂತೆ ಮಾಡಿದರೆ ಉತ್ತರ ಶೇ 4.52. ಬರೀ ಅಂಕಿ ನೋಡಿದರೆ ಎಕ್ಸೆಲ್ ಅದನ್ನು ಶೇ 5 ಎಂದು ತೋರಿಸಿಬಿಡುತ್ತದೆ, ಎಚ್ಚರ. ಕೈ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಕೂದಲೆಳೆಯ ಅಂತರ, ಆದ್ದರಿಂದ ಏಜೆಂಟರ ಮುಂದೆ ಕುಳಿತಾಗ ಕೈ ಲೆಕ್ಕವೇ ಸಾಕು.

ಹೋಲಿಕೆಗೆ ಪಿಪಿಎಫ್ ನೋಡಿ. 2020ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 7.1ಕ್ಕೆ ಇಳಿಯಿತು, ಆಮೇಲೆ ಐದು ವರ್ಷ ಕಳೆದರೂ ಅಲ್ಲೇ ಇತ್ತು. ಆ ದರವೇ ಮುಂದುವರಿದರೆ, ಹತ್ತು ವರ್ಷ ಲಕ್ಷ ಲಕ್ಷ ಹಾಕಿ, ಮುಂದೆ ಖಾತೆ ಜೀವಂತ ಇಡಲು ವರ್ಷಕ್ಕೆ ಬೇಕಾದ ಕನಿಷ್ಠ 500 ರೂಪಾಯಿಯಷ್ಟೇ ಕಟ್ಟುತ್ತ 20 ವರ್ಷ ಬಿಟ್ಟರೆ ಸುಮಾರು ಇಪ್ಪತ್ತೊಂಬತ್ತೂವರೆ ಲಕ್ಷವಾಗುತ್ತದೆ. ಇಲ್ಲಿ ನಾನೂ ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ನನ್ನ ಹೋಲಿಕೆಯೂ ಕರಪತ್ರದಂತೆಯೇ ಆದೀತು: ಪಿಪಿಎಫ್ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಇಳಿಸಲೂಬಹುದು. ಪಾಲಿಸಿಯ ಇಪ್ಪತ್ತು ಲಕ್ಷ ಇಳಿಯುವುದಿಲ್ಲ. ಜೊತೆಗೆ ಪಾಲಿಸಿಯಲ್ಲಿ ಜೀವ ವಿಮೆ ಇದೆ, ನಡುವೆ ಸಾವು ಬಂದರೆ ಮನೆಯವರಿಗೆ ಹತ್ತು ಲಕ್ಷವಾದರೂ ಸಿಗುತ್ತದೆ. ಪಿಪಿಎಫ್‌ನಲ್ಲಿ ಅದಿಲ್ಲ. ಹಾಗಾಗಿ ‘ಪಾಲಿಸಿ ಕೆಟ್ಟದ್ದು’ ಎನ್ನುವುದಕ್ಕಿಂತ ‘ವಿಮೆಯ ಜೊತೆ ಶೇ ನಾಲ್ಕೂವರೆಯ ಉಳಿತಾಯ’ ಎನ್ನುವುದು ಸರಿ. ಅದನ್ನು ಹಾಗೆಯೇ ಹೇಳಿದರೆ ತಕರಾರಿಲ್ಲ. ‘ಬ್ಯಾಂಕಿಗಿಂತ ಹೆಚ್ಚು’ ಎಂದಾಗ ತಕರಾರು ಹುಟ್ಟುತ್ತದೆ. ಯಾವ ಬ್ಯಾಂಕು, ಯಾವ ಠೇವಣಿ, ಎಷ್ಟು ವರ್ಷದ್ದು ಎಂದು ಬರೆಯದ ಹೋಲಿಕೆ ಹೋಲಿಕೆಯೇ ಅಲ್ಲ.

ಮಾತು ಬಲ್ಲ ಏಜೆಂಟರು ಇಲ್ಲಿ ತೆರಿಗೆಯನ್ನು ಮತ್ತೆ ಎಳೆದು ತರುತ್ತಾರೆ. ‘ಮಾಸ್ತರ್ರ, ಒಂದ್ ಲಕ್ಷ ಹಾಕಿದ್ರ ಮೂವತ್ತೊಂದು ಸಾವಿರ ಇಂದೇ ವಾಪಸ್ ಬಂದಂಗಲ್ರೀ? ಅಂದ್ರ ನೀವು ಹಾಕಿದ್ದು ಅರವತ್ತೆಂಟು ಸಾವಿರದ ಎಂಟುನೂರು.’ ಶೇ 30ರ ಹಂತದವರಿಗೆ ಈ ಮಾತು ಸರಿ. ಹಾಗೆ ಲೆಕ್ಕ ಹಾಕಿದರೆ ದರ ನಾಲ್ಕೂವರೆಯಿಂದ ಶೇ 7ಕ್ಕೆ ಏರುತ್ತದೆ ಕೂಡ. ಆದರೆ ಅದೇ ಒಂದು ಲಕ್ಷವನ್ನು ಪಿಪಿಎಫ್‌ಗೆ ಹಾಕಿದರೂ ಅದೇ 31,200 ಉಳಿಯುತ್ತದೆ. ರಿಯಾಯಿತಿ ಕೊಡುವುದು ಸರ್ಕಾರ, ಅದು 80ಸಿಯೊಳಗಿನ ಎಲ್ಲದಕ್ಕೂ ಸಮ. ಅದನ್ನು ತನ್ನ ಉತ್ಪನ್ನದ ಲಾಭವೆಂದು ತೋರಿಸುವುದೇ ಈ ಸೀಸನ್ನಿನ ಅತಿ ದೊಡ್ಡ ಕೈಚಳಕ.

ಬೋನಸ್ ಇರುವ ಪಾಲಿಸಿಯಾದರೆ ಇನ್ನೊಂದು ಕಾಗದ ಬರುತ್ತದೆ, ಬೆನಿಫಿಟ್ ಇಲಸ್ಟ್ರೇಶನ್ ಎಂದು. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಇದನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಎರಡು ಅಂಕಣಗಳು, ಒಂದು ಶೇ 4ಕ್ಕೆ, ಇನ್ನೊಂದು ಶೇ 8ಕ್ಕೆ. ಈ 4 ಮತ್ತು 8 ನಿಮಗೆ ಸಿಗುವ ದರವಲ್ಲ. ಕಂಪನಿ ಹೂಡಿದ ಹಣ ಇಷ್ಟು ಗಳಿಸಿದರೆ ಎಂಬ ಊಹೆ ಅದು. ಕಮಿಷನ್, ಖರ್ಚು, ವಿಮೆಯ ವೆಚ್ಚ ಎಲ್ಲ ಕಳೆದು ನಿಮಗೆ ಬರುವುದು ಅದಕ್ಕಿಂತ ಕಡಿಮೆ. ಎರಡೂ ಅಂಕಣ ಗ್ಯಾರಂಟಿಯಲ್ಲ ಎಂದು ಅದೇ ಹಾಳೆಯಲ್ಲಿ ಅಚ್ಚಾಗಿರುತ್ತದೆ. ಶೇ 8ರ ಅಂಕಣಕ್ಕೆ ಮಾತ್ರ ಹಳದಿ ಪೆನ್ನು ತಾಗಿದ್ದರೆ, ಶೇ 4ರ ಅಂಕಣದ ಕೊನೆಯ ಸಾಲನ್ನು ನೀವೇ ಓದಿ. ಆ ಹಾಳೆಗೆ ನಿಮ್ಮ ಸಹಿ ಬೇಕು, ಮಾರಿದವರದೂ ಬೇಕು. ಅದನ್ನು ತೋರಿಸದೆ ಬರೀ ಅರ್ಜಿಗೆ ಸಹಿ ಕೇಳಿದರೆ ಅಲ್ಲಿಗೇ ನಿಲ್ಲಿಸಬಹುದು.

ಮಾರುಕಟ್ಟೆಗೆ ಕಟ್ಟಿದ ಹಣ

ಇಎಲ್‌ಎಸ್‌ಎಸ್ ಎಂಬ ತೆರಿಗೆ ಉಳಿತಾಯದ ಮ್ಯೂಚುವಲ್ ಫಂಡುಗಳಲ್ಲಿ ಗ್ಯಾರಂಟಿ ಎಂಬ ಪದವನ್ನು ಯಾರೂ ಬಳಸುವಂತಿಲ್ಲ, ಸೆಬಿ ನಿಯಮ ಅಷ್ಟು ಸ್ಪಷ್ಟ. ಹಾಗಾಗಿ ಅಲ್ಲಿನ ಆಟ ಬೇರೆ: ಹಿಂದಿನ ಗಳಿಕೆ. ‘ಮೂರು ವರ್ಷದಲ್ಲಿ ಶೇ 60 ರಿಟರ್ನ್’ ಎಂದು ವಾಟ್ಸ್ಆ್ಯಪ್ ಚಿತ್ರ ಬರುತ್ತದೆ. ಓದಿದವರು ಅರವತ್ತನ್ನು ಮೂರರಿಂದ ಭಾಗಿಸಿ ವರ್ಷಕ್ಕೆ ಇಪ್ಪತ್ತು ಎಂದುಕೊಳ್ಳುತ್ತಾರೆ. ಚಕ್ರಬಡ್ಡಿಯ ಲೆಕ್ಕದಲ್ಲಿ ಅದು ಶೇ 17. ಅದೂ ಕಳೆದ ಮೂರು ವರ್ಷದ್ದು. ಅದೇ ಫಂಡಿನಲ್ಲಿ ಬೇರೆ ಮೂರು ವರ್ಷ ತೆಗೆದುಕೊಂಡರೆ ಉತ್ತರ ಬೇರೆ.

ಈ ಆಯ್ದು ತೋರಿಸುವ ಚಾಳಿಯನ್ನು ತಡೆಯಲೆಂದೇ ಸೆಬಿ ಒಂದು ಚೌಕಟ್ಟು ಹಾಕಿತು. ಫಂಡಿನ ಗಳಿಕೆ ತೋರಿಸುವ ಜಾಹೀರಾತು ಒಂದು, ಮೂರು, ಐದು ವರ್ಷ ಮತ್ತು ಶುರುವಿನಿಂದ ಈವರೆಗಿನ ವಾರ್ಷಿಕ ಚಕ್ರಬಡ್ಡಿ ದರವನ್ನು ಒಟ್ಟಿಗೆ ಕೊಡಬೇಕು. ಪಕ್ಕದಲ್ಲಿ ಸೂಚ್ಯಂಕದ ಅದೇ ಅಂಕಿಗಳಿರಬೇಕು. ಹತ್ತು ಸಾವಿರ ರೂಪಾಯಿ ಎಷ್ಟಾಗುತ್ತಿತ್ತು ಎಂದೂ ಹೇಳಬೇಕು. ನಿಮ್ಮ ಕೈಗೆ ಬಂದ ಚಿತ್ರದಲ್ಲಿ ಒಂದೇ ಅವಧಿಯ ಒಂದೇ ಅಂಕಿ ಇದ್ದರೆ, ಅದನ್ನು ಫಂಡ್ ಕಂಪನಿ ಹಾಗೆ ಕಳಿಸಿರಲಾರದು, ನಡುವೆ ಯಾರೋ ಕತ್ತರಿ ಆಡಿಸಿದ್ದಾರೆ ಎಂದು ತಿಳಿಯಬಹುದು. ಕೆಳಗಿರುವ ಗಡಿಯಾರದಂಥ ರಿಸ್ಕೋಮೀಟರ್ ಸಹ ಕತ್ತರಿಗೆ ಸಿಕ್ಕಿರುತ್ತದೆ. ಇಎಲ್‌ಎಸ್‌ಎಸ್‌ನ ಮುಳ್ಳು ಸಾಮಾನ್ಯವಾಗಿ ‘ಅತಿ ಹೆಚ್ಚು ಅಪಾಯ’ ಎಂಬ ಕೊನೆಯ ಮನೆಯಲ್ಲಿರುತ್ತದೆ, ಅದನ್ನು ತೋರಿಸಲು ಮಾರುವವರಿಗೆ ಉಮೇದಿ ಇರುವುದಿಲ್ಲ.

‘ಮೂರೇ ವರ್ಷ’ ಎಂಬ ಮಾತಿಗೂ ಒಂದು ಟಿಪ್ಪಣಿ ಬೇಕು. ಮೂರು ವರ್ಷ ಎಂಬುದು ಹಣ ತೆಗೆಯುವಂತಿಲ್ಲದ ಅವಧಿ, ಹಣ ಬೆಳೆದೇ ಬಿಡುವ ಅವಧಿಯಲ್ಲ. ತಿಂಗಳ ಕಂತಿನಲ್ಲಿ ಹಾಕಿದರೆ ಪ್ರತಿ ಕಂತಿಗೂ ಅದರದರ ಮೂರು ವರ್ಷ. ಮಾರಿದಾಗ ಬಂದ ಲಾಭ ವರ್ಷಕ್ಕೆ 1.25 ಲಕ್ಷ ಮೀರಿದರೆ ಮೀರಿದ ಭಾಗಕ್ಕೆ ಶೇ 12.5 ತೆರಿಗೆಯೂ ಇದೆ, ಆದ್ದರಿಂದ ‘ಪೂರ್ತಿ ತೆರಿಗೆಮುಕ್ತ’ ಎಂಬುದು ಇಲ್ಲಿ ನಡೆಯದು. ಬ್ಯಾಂಕಿನ ಐದು ವರ್ಷದ ತೆರಿಗೆ ಉಳಿತಾಯ ಠೇವಣಿಯಲ್ಲಿ ಅದು ಇನ್ನೂ ನಡೆಯದು, ಬಂದ ಬಡ್ಡಿಯೆಲ್ಲ ಆದಾಯಕ್ಕೆ ಸೇರುತ್ತದೆ. ಹಾಕುವಾಗಿನ ತೆರಿಗೆ, ಬೆಳೆಯುವಾಗಿನ ತೆರಿಗೆ, ತೆಗೆಯುವಾಗಿನ ತೆರಿಗೆ ಬೇರೆ ಬೇರೆ. ಕರಪತ್ರ ಯಾವುದರ ಬಗ್ಗೆ ಮಾತಾಡುತ್ತಿದೆ ಎಂದು ಕೇಳಿ.

ಯುಲಿಪ್ ಎಂಬ ಶೇರು ಮಾರುಕಟ್ಟೆಯ ವಿಮೆ ಪಾಲಿಸಿ ಮತ್ತು ಫಂಡ್ ಎರಡರ ನಡುವಿನ ಪ್ರಾಣಿ. ಹತ್ತು ಹದಿನೈದು ವರ್ಷದ ಪಾಲಿಸಿಗಳನ್ನು ‘ಮೂರು ವರ್ಷ ಕಟ್ಟಿ ಬಿಡ್ರಿ’ ಎಂದು ಮಾರಿದ ಕಾಲ ಹಲವರಿಗೆ ನೆನಪಿರಬಹುದು. 2010ರ ಏಪ್ರಿಲ್‌ನಲ್ಲಿ ಸೆಬಿ 14 ವಿಮಾ ಕಂಪನಿಗಳ ಯುಲಿಪ್ ಮಾರಾಟಕ್ಕೆ ತಡೆ ಹಾಕಿತು, ವಿಮಾ ನಿಯಂತ್ರಕರು ಎದುರು ನಿಂತರು, ಕೊನೆಗೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಯುಲಿಪ್ ವಿಮೆಯವರ ಪಾಲಿಗೆ ಎಂದು ತೀರ್ಮಾನಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಹಣ ಹಿಡಿದಿಡುವ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. 2024ರ ಜೂನ್‌ನ ಸುತ್ತೋಲೆಯಲ್ಲಿ ಐಆರ್‌ಡಿಎಐ ಯುಲಿಪ್ ಅನ್ನು ‘ಹೂಡಿಕೆಯ ಉತ್ಪನ್ನ’ ಎಂದು ಜಾಹೀರಾತು ಮಾಡಕೂಡದು ಎಂದೇ ಹೇಳಿದೆ. ಹಾಗೆ ಬರೆದ ಕರಪತ್ರ ಇಂದು ಕೈಗೆ ಬಂದರೆ, ಬರೆದವರು ನಿಯಮ ಓದಿಲ್ಲ ಎಂದರ್ಥ.

ಅದೇ ಕರಪತ್ರ, ನೇರ ಮಾತಿನಲ್ಲಿ

ವಿಮಾ ಏಜೆಂಟರು ಪಾಲಿಸಿ ಮಾರಲು ತಾವೇ ಕರಪತ್ರ ಅಚ್ಚು ಹಾಕಿಸುವ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಪಡೆಯಬೇಕು ಎಂಬುದು ನಿಯಮ. ಒಪ್ಪಿಗೆಯಿರುವ ಕಾಗದದ ಕೆಳಗೆ ಕಂಪನಿಯ ಹೆಸರು, ನೋಂದಣಿ ಸಂಖ್ಯೆ, ಪಾಲಿಸಿಯ ಯುಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತವೆ. ಆ ಸಂಖ್ಯೆಯ ಮೊದಲ ಮೂರು ಅಂಕಿ ಕಂಪನಿಯದ್ದು. ಅದರ ಮುಂದಿನ ಇಂಗ್ಲಿಷ್ ಅಕ್ಷರ `L` ಆಗಿದ್ದರೆ ಪಾಲಿಸಿ ಮಾರುಕಟ್ಟೆಗೆ ಕಟ್ಟಿದ್ದು, `N` ಆಗಿದ್ದರೆ ಅಲ್ಲ. ‘ಇದು ಎಫ್‌ಡಿ ಇದ್ದಂಗ್ರಿ’ ಎಂದು ಹೇಳಿ ಕೊಟ್ಟ ಕಾಗದದಲ್ಲಿ `L` ಕಂಡರೆ ಮಾತು ಮುಗಿಯಿತು. ಯುಐಎನ್ ಇಲ್ಲದೆ ಬರೀ ಒಂದು ಮೊಬೈಲ್ ನಂಬರ್ ಇರುವ ಕಾಗದವಂತೂ ಓದಲಿಕ್ಕೂ ಯೋಗ್ಯವಲ್ಲ.

ಹಾಗಾದರೆ ನಮ್ಮ ಮಾದರಿ ಕರಪತ್ರವನ್ನು ನೇರವಾಗಿ ಬರೆದರೆ ಹೇಗಿರುತ್ತದೆ?

“ವರ್ಷಕ್ಕೆ ₹1,00,000ದಂತೆ 10 ವರ್ಷ ಪ್ರೀಮಿಯಂ ಕಟ್ಟಬೇಕು. 20 ವರ್ಷ ಮುಗಿದ ಮೇಲೆ ₹20,00,000 ಸಿಗುತ್ತದೆ, ಇದು ಖಚಿತ. ವರ್ಷಕ್ಕೆ ಸುಮಾರು ಶೇ 4.5 ಚಕ್ರಬಡ್ಡಿ ಬಂದಂತೆ. ಈ ಅವಧಿಯಲ್ಲಿ ಪಾಲಿಸಿದಾರರು ತೀರಿಕೊಂಡರೆ ನಾಮಿನಿಗೆ ಕನಿಷ್ಠ ₹10,00,000. ನಡುವೆ ನಿಲ್ಲಿಸಿದರೆ ಕಟ್ಟಿದ್ದಕ್ಕಿಂತ ಕಡಿಮೆ ವಾಪಸ್ ಬರಬಹುದು, ವರ್ಷವಾರು ಸರೆಂಡರ್ ಮೊತ್ತದ ಪಟ್ಟಿ ಕೇಳಿ ಪಡೆಯಿರಿ. ತೆರಿಗೆ ರಿಯಾಯಿತಿ ಹಳೆಯ ಪದ್ಧತಿಯನ್ನು ಆರಿಸಿದವರಿಗೆ, ಒಂದೂವರೆ ಲಕ್ಷದ ಮಿತಿಯಲ್ಲಿ ಜಾಗ ಉಳಿದಿದ್ದರೆ ಮಾತ್ರ.”

ಇದರಲ್ಲಿ ಉದ್ಗಾರ ಚಿಹ್ನೆ ಒಂದೂ ಇಲ್ಲ. ‘ಹಿಂಗ ಬರದ್ರ ಯಾರ್ ತಗೋತಾರ್ರೀ?’ ಎಂದು ಏಜೆಂಟರು ಕೇಳುವುದು ಸಹಜ. ಕಡಿಮೆ ಜನ ತಗೊಳ್ಳುತ್ತಾರೆ, ನಿಜ. ಆದರೆ ತಗೊಂಡವರು ಎರಡನೇ ಕಂತಿಗೆ ಓಡಿಹೋಗುವುದಿಲ್ಲ. ‘ಡಬಲ್’ ಕೇಳಿ ಕೊಂಡವರು ಮುಂದಿನ ಮಾರ್ಚ್‌ನಲ್ಲಿ ಲೆಕ್ಕ ಹಾಕಿ ಕೈಬಿಡುತ್ತಾರೆ, ಏಜೆಂಟರಿಗೆ ನವೀಕರಣದ ಕಮಿಷನ್ನೂ ಹೋಗುತ್ತದೆ, ಓಣಿಯಲ್ಲಿನ ಹೆಸರೂ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದಂಥ ಊರಿನಲ್ಲಿ ಎರಡನೆಯದೇ ದೊಡ್ಡ ನಷ್ಟ.

ಇನ್ನೊಂದು ಆಮಿಷ ಕರಪತ್ರದಲ್ಲಿ ಅಚ್ಚಾಗುವುದಿಲ್ಲ, ಕಿವಿಯಲ್ಲಿ ಹೇಳುತ್ತಾರೆ: ‘ಮೊದಲ ಕಂತಿನಾಗ ಹತ್ತು ಸಾವಿರ ನಾನ ಹಾಕ್ತೀನ್ರಿ.’ ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಹೀಗೆ ಕಮಿಷನ್ನಿನ ಪಾಲು ಬಿಟ್ಟುಕೊಡುವುದೂ ತಪ್ಪು, ಅದನ್ನು ಪಡೆಯುವುದೂ ತಪ್ಪು. ದಂಡ ಹತ್ತು ಲಕ್ಷದವರೆಗೆ.

ಮಾರ್ಚ್ 31ರ ಹೆದರಿಕೆ

ಅವಸರವೇ ಈ ಸೀಸನ್ನಿನ ಬಂಡವಾಳ. ಮಾರ್ಚ್ 31 ಕೊನೆಯ ದಿನ ಎಂಬುದು 80ಸಿಯಲ್ಲಿ ಹಣ ಹಾಕುವುದಕ್ಕೆ ನಿಜ. ಆದರೆ ಕಚೇರಿ ಜನವರಿ-ಫೆಬ್ರುವರಿಯಲ್ಲಿ ಕೇಳುವ ಪ್ರೂಫ್ ಅವರ ಟಿಡಿಎಸ್ ಲೆಕ್ಕಕ್ಕಾಗಿ. ಆ ದಿನ ತಪ್ಪಿದರೆ ರಿಯಾಯಿತಿ ಹೋಗುವುದಿಲ್ಲ, ಮಾರ್ಚ್ 31ರೊಳಗೆ ಕಟ್ಟಿದ್ದನ್ನು ರಿಟರ್ನ್ ಸಲ್ಲಿಸುವಾಗ ತೋರಿಸಿ ಹೆಚ್ಚು ಕಡಿತವಾದದ್ದನ್ನು ವಾಪಸ್ ಪಡೆಯಬಹುದು. ಯಾವ ಪದ್ಧತಿ ಎಂಬುದನ್ನೂ ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ರಿಟರ್ನ್ ಸಲ್ಲಿಸುವಾಗಲೇ ಬದಲಿಸಬಹುದು. ಹಳೆಯದು ಬೇಕಾದರೆ ಗಡುವಿನೊಳಗೆ ಸಲ್ಲಿಸಬೇಕು, ಅಷ್ಟೆ. ಮಾರ್ಚ್ ಕೊನೆಯ ವಾರ ನಿರ್ಧಾರವಾಗದಿದ್ದರೆ ಪಿಪಿಎಫ್‌ಗೆ ಹಾಕಿ ಸುಮ್ಮನಿರಬಹುದು, ಇಪ್ಪತ್ತು ವರ್ಷದ ಕರಾರಿಗೆ ಒಂದು ಸಂಜೆಯಲ್ಲಿ ಸಹಿ ಹಾಕುವ ಅಗತ್ಯವಿಲ್ಲ.

ಈಗಾಗಲೇ ಸಹಿ ಹಾಕಿದ್ದರೆ? ಪಾಲಿಸಿ ಪತ್ರ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಅವಧಿ. 2024ಕ್ಕೆ ಮುಂಚೆ ಇದು ಸಾಮಾನ್ಯವಾಗಿ 15 ದಿನವಿತ್ತು. ಈ ಅವಧಿಯಲ್ಲಿ ಕಾರಣ ಬರೆದು ವಾಪಸ್ ಮಾಡಿದರೆ ಕಳೆದ ದಿನಗಳ ವಿಮೆಯ ವೆಚ್ಚ, ವೈದ್ಯಕೀಯ ತಪಾಸಣೆ ಮತ್ತು ಸ್ಟ್ಯಾಂಪ್ ಖರ್ಚು ಹಿಡಿದು ಉಳಿದ ಹಣ ಬರುತ್ತದೆ. ಏಜೆಂಟರು ‘ಎರಡು ತಿಂಗಳು ತಡೀರಿ, ನೋಡೋಣು’ ಎಂದರೆ ತಡೆಯಬೇಡಿ, ಅರ್ಜಿಯನ್ನು ನೇರವಾಗಿ ಕಂಪನಿಯ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ದಾಟಿದ್ದರೆ ಬಿಡುವ ಮೊದಲು ಯೋಚಿಸಿ: ಎರಡು ವರ್ಷದ ಪ್ರೀಮಿಯಂ ಕಟ್ಟುವ ಮೊದಲೇ ಪಾಲಿಸಿ ನಿಂತರೆ ಹಿಂದೆ ಪಡೆದ 80ಸಿ ರಿಯಾಯಿತಿ ಮತ್ತೆ ಆದಾಯಕ್ಕೆ ಸೇರುತ್ತದೆ. ಯುಲಿಪ್‌ಗೆ ಅದು ಐದು ವರ್ಷ.

ತಪ್ಪು ಹೇಳಿ ಮಾರಿದ್ದಾರೆ ಎನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ, 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಇಡೀ ಕರ್ನಾಟಕಕ್ಕೆ ಅದೇ ಕಚೇರಿ, ಶುಲ್ಕವಿಲ್ಲ, 50 ಲಕ್ಷದವರೆಗಿನ ಪರಿಹಾರ ಕೊಡುವ ಅಧಿಕಾರ ಅವರಿಗಿದೆ. ಮ್ಯೂಚುವಲ್ ಫಂಡಿನದಾದರೆ ಸೆಬಿಯ ಸ್ಕೋರ್ಸ್ ಜಾಲತಾಣ.

ಎಲ್ಲಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ ಒಂದೇ: ‘ಡಬಲ್ ಆಗ್ತೈತಿ ಅಂತ ಹೇಳಿದ್ದಕ್ಕೆ ಪುರಾವೆ ಏನೈತಿ?’ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಆದ್ದರಿಂದ ಪೇಪರಿನ ಜೊತೆ ಬಂದ ಕರಪತ್ರವನ್ನು ರದ್ದಿಗೆ ಹಾಕಬೇಡಿ, ವಾಟ್ಸ್ಆ್ಯಪ್ ಸಂದೇಶವನ್ನು ಅಳಿಸಬೇಡಿ, ಹೇಳಿದ್ದನ್ನು ಕರಪತ್ರದ ಹಿಂದೆಯೇ ಬರೆದು ಸಹಿ ಮಾಡಿಕೊಡಿ ಎಂದು ಏಜೆಂಟರನ್ನು ಕೇಳಿ. ಬರೆದುಕೊಡಲು ಒಪ್ಪದಿದ್ದರೆ ಆ ಪಾಲಿಸಿ ನಿಮಗೆ ಬೇಡ.